ಲ್ಯಾಪ್‌ಟಾಪ್ ಹಿಂಜ್ ಬಿಟ್ಟುಕೊಂಡರೆ ಅಂಟು ಆಮೇಲೆ, ಮೊದಲು ಬಿಗಿ ನೋಡಿ

ತಂಗಿ ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟು ಹೇಳಿದ್ದು ಇಷ್ಟೇ: "ಅಣ್ಣಾ, ಸ್ಕ್ರೀನ್ ಅಲ್ಲಾಡ್ತಿದೆ. ತೆಗೆಯೋವಾಗ ಎಡಗಡೆ ಟಕ್ ಅನ್ನುತ್ತೆ." ನಾನು ಮುಚ್ಚಳವನ್ನು ನಿಧಾನವಾಗಿ ಎತ್ತಿದೆ. ಅರ್ಧ ತೆರೆಯುವಷ್ಟರಲ್ಲಿ ಎಡ ಮೂಲೆಯಲ್ಲಿ, ಚಾರ್ಜರ್ ಚುಚ್ಚುವ ಕಡೆ, ಕೀಬೋರ್ಡ್ ಇರುವ ಮೇಲಿನ ತಟ್ಟೆ ತಳದ ಕವರ್‌ನಿಂದ ಬಾಯಿ ಬಿಟ್ಟಂತೆ ಸುಮಾರು 3 ಮಿ.ಮೀ. ಮೇಲೆದ್ದಿತು. ಮುಚ್ಚಿದ ಕೂಡಲೇ ಮತ್ತೆ ಕೂತಿತು. ಆ ಬಿರುಕಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ ಹಿಂಜ್‌ನ ಕಬ್ಬಿಣದ ಪಟ್ಟಿ ಕಾಣುತ್ತಿತ್ತು. ಅದು ತನ್ನ ಜಾಗ ಬಿಟ್ಟು ಮೇಲಕ್ಕೆ ಬಂದಿತ್ತು.

ಇದನ್ನು ಮನೆಯಲ್ಲೇ ಸರಿ ಮಾಡಬಹುದಾ? ಕೆಲವು ಸಲ ಮಾಡಬಹುದು. ಆದರೆ ಬಹಳ ಜನ ಮಾಡುವ ತಪ್ಪನ್ನೇ ನಾನೂ ಮೊದಲ ಸಲ ಮಾಡಿದೆ. ಮುರಿದ ಜಾಗಕ್ಕೆ ಗಟ್ಟಿ ಅಂಟು ಹಾಕಿ ಮುಚ್ಚಿಬಿಟ್ಟೆ, ಅದು ಯಾಕೆ ಮುರಿಯಿತು ಅಂತ ನೋಡಲೇ ಇಲ್ಲ. ಹತ್ತೇ ದಿನಕ್ಕೆ ಮತ್ತೆ ಅದೇ ಟಕ್.

ಮುರಿಯುವುದು ಹಿಂಜ್ ಅಲ್ಲ, ಅದು ಕೂತಿರುವ ಪ್ಲಾಸ್ಟಿಕ್

ಲ್ಯಾಪ್‌ಟಾಪ್ ಹಿಂಜ್ ಬಾಗಿಲಿನ ಹಿಂಜ್ ಥರ ಸಲೀಸಾಗಿ ತಿರುಗುವಂಥದ್ದಲ್ಲ. ಬೇಕಂತಲೇ ಬಿಗಿಯಾಗಿ ಮಾಡಿರುತ್ತಾರೆ, ಇಲ್ಲದಿದ್ದರೆ ಸ್ಕ್ರೀನ್ ಇಟ್ಟ ಕೋನದಲ್ಲಿ ನಿಲ್ಲುವುದಿಲ್ಲ. ಒಳಗೆ ಒಂದು ಉಕ್ಕಿನ ಕಡ್ಡಿ ಇರುತ್ತದೆ, ಅದರ ಮೇಲೆ ಒತ್ತಿಕೊಂಡು ಕೂತ ವಾಷರ್‌ಗಳು, ಕೊನೆಯಲ್ಲಿ ಒಂದು ಸಣ್ಣ ನಟ್. ವಾಷರ್‌ಗಳು ಒಂದಕ್ಕೊಂದು ಉಜ್ಜಿಕೊಳ್ಳುವುದರಿಂದಲೇ ಆ ಬಿಗಿ ಬರುತ್ತದೆ. ಈ ಕಡ್ಡಿಯ ಎರಡು ಕಡೆಯೂ ಕಬ್ಬಿಣದ ಪಟ್ಟಿಗಳಿರುತ್ತವೆ. ಒಂದು ಪಟ್ಟಿ ಸ್ಕ್ರೀನ್ ಹಿಂದಿನ ಮುಚ್ಚಳಕ್ಕೆ, ಇನ್ನೊಂದು ಕೀಬೋರ್ಡ್ ತಟ್ಟೆಯ ಅಡಿಗೆ ಸ್ಕ್ರೂನಿಂದ ಕೂತಿರುತ್ತದೆ.

ಆ ಸ್ಕ್ರೂಗಳು ಕೂರುವ ಜಾಗವೇ ದುರ್ಬಲ. ಪ್ಲಾಸ್ಟಿಕ್ ಬಾಡಿಯ ಲ್ಯಾಪ್‌ಟಾಪ್‌ಗಳಲ್ಲಿ ಒಳಗಡೆ ಪ್ಲಾಸ್ಟಿಕ್‌ನದೇ ಗಿಡ್ಡ ಗೂಟಗಳಿರುತ್ತವೆ. ಪ್ರತಿ ಗೂಟದೊಳಗೂ ಒಂದು ಹಿತ್ತಾಳೆಯ ಪುಟ್ಟ ನಟ್ ಹುದುಗಿರುತ್ತದೆ, ಹೊರಮೈ ಪೂರ್ತಿ ಸಣ್ಣ ಗೀರು ಗೀರು. ಸ್ಕ್ರೂ ಈ ಹಿತ್ತಾಳೆಯೊಳಗೆ ತಿರುಗುತ್ತದೆ. ಹಿತ್ತಾಳೆಗೆ ಆಸರೆ ಮಾತ್ರ ಸುತ್ತಲಿನ ಪ್ಲಾಸ್ಟಿಕ್, ಅದೂ ಒಂದೆರಡು ಮಿಲಿಮೀಟರ್ ದಪ್ಪ.

ವರ್ಷಗಳು ಕಳೆದ ಹಾಗೆ ಕಡ್ಡಿಯ ಮೇಲಿನ ಗ್ರೀಸ್ ಒಣಗುತ್ತದೆ. ಧೂಳು ಸೇರುತ್ತದೆ. ತೇವದ ಜಾಗದಲ್ಲಿ ಸ್ವಲ್ಪ ತುಕ್ಕೂ ಹಿಡಿಯುತ್ತದೆ. ಹಿಂಜ್ ಮೊದಲಿಗಿಂತ ಜಾಸ್ತಿ ಬಿಗಿಯಾಗುತ್ತದೆ. ನೀವು ಮುಚ್ಚಳ ಎತ್ತಿದಾಗ ಕಡ್ಡಿ ತಿರುಗಲು ಒಪ್ಪುವುದಿಲ್ಲ, ಆ ಬಲವೆಲ್ಲ ಪಟ್ಟಿಗೆ ಹೋಗಿ, ಪಟ್ಟಿಯಿಂದ ಸ್ಕ್ರೂಗೆ, ಸ್ಕ್ರೂನಿಂದ ಹಿತ್ತಾಳೆಗೆ ಹೋಗಿ, ಕೊನೆಗೆ ಹಿತ್ತಾಳೆ ತನ್ನ ಗೂಟವನ್ನು ಹರಿದುಕೊಂಡು ಕಿತ್ತು ಬರುತ್ತದೆ. ಮುಚ್ಚಳವನ್ನು ಒಂದೇ ಮೂಲೆ ಹಿಡಿದು ಎತ್ತುವ ಅಭ್ಯಾಸ ಇದ್ದರೆ ಆ ಕಡೆಯ ಗೂಟ ಇನ್ನೂ ಬೇಗ ಹೋಗುತ್ತದೆ. ತಂಗಿ ಸದಾ ಎಡಗೈಯಿಂದ ಎಡ ಮೂಲೆ ಹಿಡಿದೇ ತೆರೆಯುತ್ತಿದ್ದಳು.

ಅಂದರೆ ಬಿಗಿಯಾದ ಹಿಂಜೇ ರೋಗ, ಮುರಿದ ಪ್ಲಾಸ್ಟಿಕ್ ಅದರ ಪರಿಣಾಮ. ಇಷ್ಟು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಬಿಚ್ಚುವ ಮೊದಲು ಹೊರಗಿನಿಂದಲೇ ಪತ್ತೆ ಮಾಡಿ

ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆಯಿರಿ. ಸಮತಟ್ಟಾದ ಮೇಜಿನ ಮೇಲೆ ಇಟ್ಟು, ಹಿಂಜ್ ಇರುವ ಮೂಲೆ ನಿಮ್ಮ ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಬಗ್ಗಿ. ಮೇಲಂಚಿನ ನಡುವೆ ಹಿಡಿದು ಮುಚ್ಚಳವನ್ನು ನಿಧಾನವಾಗಿ, ಒಂದೊಂದು ಇಂಚು ಎತ್ತುತ್ತಾ ಮೂಲೆಯನ್ನೇ ನೋಡಿ.

ಬುಡದಲ್ಲಿ, ಅಂದರೆ ಕೀಬೋರ್ಡ್ ತಟ್ಟೆ ಮತ್ತು ತಳದ ಕವರ್ ನಡುವೆ ಬಾಯಿ ಬಿಟ್ಟರೆ ಕೆಳಗಿನ ಗೂಟಗಳು ಹೋಗಿವೆ. ಸ್ಕ್ರೀನ್ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟು ಕೆಳಮೂಲೆಯಲ್ಲಿ ಬಿಟ್ಟುಕೊಂಡರೆ, ಅಥವಾ ಹಿಂದಿನ ಮುಚ್ಚಳ ಅಲ್ಲಿ ಉಬ್ಬಿದರೆ, ಹೋಗಿರುವುದು ಸ್ಕ್ರೀನ್ ಕಡೆಯ ಗೂಟಗಳು. ಎರಡೂ ಬೇರೆ ಬೇರೆ ಕೆಲಸ. ಎರಡನೆಯದು ಜಾಸ್ತಿ ಅಪಾಯದ್ದು, ಯಾಕೆಂದರೆ ಅಲ್ಲಿ ಗಾಜಿನ ಪ್ಯಾನೆಲ್ ಪಕ್ಕದಲ್ಲೇ ಇರುತ್ತದೆ.

ಎಲ್ಲೂ ಬಾಯಿ ಬಿಡುತ್ತಿಲ್ಲ, ಆದರೂ ಸ್ಕ್ರೀನ್ ತೂಗುತ್ತದೆ ಅಂದರೆ ಇನ್ನೊಂದು ಪರೀಕ್ಷೆ ಮಾಡಿ. ಬುಡವನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಸ್ಕ್ರೀನನ್ನು ಹಿಂದೆ ಮುಂದೆ ಸ್ವಲ್ಪವೇ ಅಲ್ಲಾಡಿಸಿ. ಎರಡೂ ಕಡೆ ಒಂದೇ ಸಮ ಅಲ್ಲಾಡಿ, ಸ್ಕ್ರೀನ್ ತಾನಾಗಿ ಕೆಳಗೆ ಬೀಳುತ್ತಿದ್ದರೆ ಹಿಂಜ್‌ನ ಬಿಗಿಯೇ ಸವೆದಿದೆ. ಒಂದೇ ಕಡೆ ಅಲ್ಲಾಡಿ ಇನ್ನೊಂದು ಕಡೆ ಗಟ್ಟಿ ಇದ್ದರೆ ಬಹುಪಾಲು ಆ ಕಡೆಯ ಸ್ಕ್ರೂ ಸಡಿಲಾಗಿದೆ. ಇದು ಎಲ್ಲಕ್ಕಿಂತ ಸಣ್ಣ ತೊಂದರೆ, ತಳ ಬಿಚ್ಚಿ ಸ್ಕ್ರೂ ಬಿಗಿ ಮಾಡಿದರೆ ಮುಗಿಯಿತು. ಆದರೆ ಸ್ಕ್ರೂ ಎಷ್ಟು ತಿರುಗಿಸಿದರೂ ಬಿಗಿಯಾಗದೆ ಸುಮ್ನೆ ತಿರುಗುತ್ತಲೇ ಇದ್ದರೆ, ಒಳಗಿನ ಹಿತ್ತಾಳೆಯೂ ಜೊತೆಗೇ ತಿರುಗುತ್ತಿದೆ, ಗೂಟ ಬಿಟ್ಟಿದೆ ಅಂತ ಅರ್ಥ.

ಲ್ಯಾಪ್‌ಟಾಪನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ವಾಲಿಸಿ ನೋಡಿ. ಒಳಗೆ ಏನಾದರೂ ಉರುಳುವ ಸದ್ದು ಬಂದರೆ ಇನ್ನು ಆನ್ ಮಾಡಬೇಡಿ. ಕಿತ್ತುಬಂದ ಹಿತ್ತಾಳೆ ನಟ್ಟೋ ಸ್ಕ್ರೂವೋ ಬಿಡಿಯಾಗಿ ಓಡಾಡುತ್ತಿರಬಹುದು. ಅದು ಮದರ್‌ಬೋರ್ಡ್ ಮೇಲೆ ತಪ್ಪು ಜಾಗದಲ್ಲಿ ಕೂತರೆ ಶಾರ್ಟ್ ಆಗಿ ಬೋರ್ಡೇ ಹೋಗುತ್ತದೆ. ಹಿಂಜ್‌ನಷ್ಟಕ್ಕೇ ಮುಗಿಯಬೇಕಾದ ತೊಂದರೆ ಇಡೀ ಲ್ಯಾಪ್‌ಟಾಪನ್ನೇ ಕೊಲ್ಲುವುದು ಹೀಗೆ.

ಇನ್ನೊಂದು ವಿಷಯ ದಯವಿಟ್ಟು ಮರೆಯಬೇಡಿ. ಬ್ಯಾಟರಿ ಊದಿಕೊಂಡರೂ ಬಾಡಿ ಬಾಯಿ ಬಿಡುತ್ತದೆ, ನೋಡುವವರಿಗೆ ಹಿಂಜ್ ಹೋದ ಹಾಗೇ ಕಾಣುತ್ತದೆ. ವ್ಯತ್ಯಾಸ ಹೀಗೆ: ಹಿಂಜ್ ತೊಂದರೆಯಾದರೆ ಬಿರುಕು ಮೂಲೆಯಲ್ಲಿ ಇರುತ್ತದೆ, ಮುಚ್ಚಳ ಆಡಿಸಿದಂತೆ ಹಿಗ್ಗಿ ಕುಗ್ಗುತ್ತದೆ. ಬ್ಯಾಟರಿ ಊದಿದ್ದರೆ ಮುಚ್ಚಳ ಮುಟ್ಟದಿದ್ದರೂ ಬಿರುಕು ಹಾಗೇ ಇರುತ್ತದೆ, ಟಚ್‌ಪ್ಯಾಡ್ ಉಬ್ಬಿ ಕ್ಲಿಕ್ ಸರಿಯಾಗಿ ಬೀಳುವುದಿಲ್ಲ, ಮೇಜಿನ ಮೇಲೆ ಇಟ್ಟರೆ ತಳ ಸಮ ಕೂರದೆ ಓಲಾಡುತ್ತದೆ. ಹಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಒತ್ತಿ ಮುಚ್ಚಲು ಹೋಗಬೇಡಿ, ಚಾರ್ಜ್ ಮಾಡಬೇಡಿ, ಚೂಪಾದ ಯಾವುದನ್ನೂ ಅದರ ಹತ್ತಿರ ತರಬೇಡಿ. ಊದಿದ ಬ್ಯಾಟರಿಗೆ ತೂತಾದರೆ ಬೆಂಕಿ ಹೊತ್ತಿಕೊಳ್ಳಬಹುದು. ಅದನ್ನು ತೆಗೆಯುವ ಕೆಲಸ ತಿಳಿದವರಿಗೇ ಬಿಡಿ.

ಯಾವಾಗ ಮನೆಯಲ್ಲಿ ಕೈ ಹಾಕಬಾರದು

ಬ್ಯಾಟರಿ ಊದಿದ್ದು ಒಂದು ಆಯಿತು. ಸ್ಕ್ರೀನನ್ನು ಪೂರ್ತಿ ಹಿಂದಕ್ಕೆ ಮಡಚಿ ಟ್ಯಾಬ್ಲೆಟ್ ಥರ ಬಳಸುವ ಮಾದರಿಗಳಲ್ಲೂ ಬೇಡ, ಅಲ್ಲಿ ಎರಡು ಕಡ್ಡಿಗಳು ಜೊತೆಯಾಗಿ ತಿರುಗುವ ಹಿಂಜ್ ಇರುತ್ತದೆ. ಅಂಚಿನ ತನಕ ಗಾಜು ಅಂಟಿಸಿದ ಟಚ್‌ಸ್ಕ್ರೀನ್‌ನಲ್ಲಿ ಮುಚ್ಚಳದ ಕಡೆಯ ಗೂಟ ಹೋಗಿದ್ದರೂ ಬೇಡ. ಅಲ್ಲಿ ಗಾಜನ್ನು ಬಿಸಿ ಮಾಡಿ ಎಬ್ಬಿಸದೆ ಹಿಂಜ್ ಕಾಣುವುದೇ ಇಲ್ಲ, ಎಬ್ಬಿಸುವಾಗ ಗಾಜು ಒಡೆಯುವುದೇ ಹೆಚ್ಚು. ಕಬ್ಬಿಣದ ಪಟ್ಟಿಯೇ ಮುರಿದಿದ್ದರೆ ಅದಕ್ಕೆ ರಿಪೇರಿ ಇಲ್ಲ, ಹೊಸ ಹಿಂಜ್ ತರಬೇಕು ಅಷ್ಟೇ. ಇನ್ನು ವಾರಂಟಿ ಬಾಕಿ ಇದ್ದರೆ ನಾವು ಮುಟ್ಟುವ ಮೊದಲು ಅಲ್ಲಿ ಕೇಳಿ ನೋಡುವುದು ಒಳ್ಳೆಯದು, ಒಮ್ಮೆ ಅಂಟು ಹಚ್ಚಿದ ಮೇಲೆ ಅವರು ಒಪ್ಪುವುದು ಕಷ್ಟ.

ಮನೆಯಲ್ಲಿ ಧೈರ್ಯವಾಗಿ ಮಾಡಬಹುದಾದದ್ದು ಯಾವುದು ಅಂದರೆ, ಪ್ಲಾಸ್ಟಿಕ್ ಬಾಡಿ, ಬುಡದ ಕಡೆಯ ಗೂಟಗಳು, ಅದರಲ್ಲೂ ಕನಿಷ್ಠ ಒಂದು ಗೂಟ ಇನ್ನೂ ಗಟ್ಟಿ ಉಳಿದಿರುವಂಥದ್ದು. ಆ ಒಂದು ಯಾಕೆ ಮುಖ್ಯ ಅಂತ ಮುಂದೆ ಹೇಳುತ್ತೇನೆ.

ಬಿಚ್ಚಿದಾಗ ಕಂಡದ್ದು

ತಳದ ಕವರ್ ತೆಗೆಯುವಾಗ ಸ್ಕ್ರೂಗಳನ್ನು ಒಂದೇ ಬಟ್ಟಲಿಗೆ ಸುರಿಯಬೇಡಿ. ಒಂದು ಕಾಗದದ ಮೇಲೆ ಲ್ಯಾಪ್‌ಟಾಪ್ ತಳದ ಚಿತ್ರ ಗೀಚಿ, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಟೇಪ್‌ನಿಂದ ಅಂಟಿಸಿ. ಉದ್ದಗಳು ಬೇರೆ ಬೇರೆ ಇರುತ್ತವೆ. ಉದ್ದದ ಸ್ಕ್ರೂ ಗಿಡ್ಡ ಜಾಗಕ್ಕೆ ಹೋದರೆ ಕೀಬೋರ್ಡ್ ಕಡೆಯಿಂದ ತೂರಿ ಬರುತ್ತದೆ. ರಬ್ಬರ್ ಕಾಲುಗಳ ಅಡಿಯಲ್ಲೂ ಸ್ಕ್ರೂ ಅಡಗಿರಬಹುದು, ಕವರ್ ಬರಲ್ಲ ಅಂತ ಎಳೆಯುವ ಮೊದಲು ಅಲ್ಲಿ ನೋಡಿ. ಅಂಚು ಬಿಡಿಸಲು ತೆಳು ಪ್ಲಾಸ್ಟಿಕ್ ಕಾರ್ಡ್ ಸಾಕು, ಚಾಕು ಬೇಡ.

ಕವರ್ ತೆಗೆದ ಕೂಡಲೇ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಬೇರೆ ಏನನ್ನೂ ಮುಟ್ಟುವ ಮೊದಲು. ಆಮೇಲೆ ಪವರ್ ಬಟನ್ ಅನ್ನು 10-15 ಸೆಕೆಂಡ್ ಒತ್ತಿ ಹಿಡಿದರೆ ಉಳಿದ ಕರೆಂಟೂ ಖಾಲಿಯಾಗುತ್ತದೆ.

ತಂಗಿಯ ಲ್ಯಾಪ್‌ಟಾಪ್‌ನಲ್ಲಿ ಎಡ ಹಿಂಜ್‌ಗೆ ಮೂರು ಸ್ಕ್ರೂ ಇದ್ದವು. ಹೊರ ಅಂಚಿನ ಎರಡರ ಗೂಟಗಳು ಬುಡದಿಂದಲೇ ಹರಿದಿದ್ದವು, ಹಿತ್ತಾಳೆ ನಟ್ಟುಗಳಿಗೆ ಕಪ್ಪು ಪ್ಲಾಸ್ಟಿಕ್‌ನ ಚೂರುಗಳು ಕಚ್ಚಿಕೊಂಡೇ ಇದ್ದವು. ಅದರಲ್ಲಿ ಒಂದು ಸ್ಕ್ರೂ ತುದಿಗೆ ನೇತಾಡುತ್ತಿತ್ತು. ಇನ್ನೊಂದು ಕಾಣಲಿಲ್ಲ. ಹುಡುಕಿದರೆ ಫ್ಯಾನ್ ಪಕ್ಕದ ಸಂದಿನಲ್ಲಿ ಸಿಕ್ಕಿತು, ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ ಅಷ್ಟೇ. ಬೋರ್ಡ್ ಮೇಲೆ ಉರುಳದೆ ಅಲ್ಲೇ ಸಿಕ್ಕಿಕೊಂಡಿದ್ದು ದೊಡ್ಡ ಅದೃಷ್ಟ. ಮೂರನೇ ಗೂಟ, ಒಳಗಿನದು, ಗಟ್ಟಿಯಾಗಿಯೇ ಇತ್ತು.

ಇಲ್ಲಿ ಚೂರುಗಳನ್ನೆಲ್ಲ ಎಣಿಸಿ ತೆಗೆಯಿರಿ. ಸ್ಕ್ರೂ ಎಷ್ಟು, ಹಿತ್ತಾಳೆ ಎಷ್ಟು, ಎರಡೂ ಲೆಕ್ಕ ಕೂಡಬೇಕು. ಮುರಿದ ಪ್ಲಾಸ್ಟಿಕ್ ಚೂರುಗಳನ್ನೂ ಎಸೆಯಬೇಡಿ, ಜೋಡಿಸಿದರೆ ಗೂಟದ ಎತ್ತರ ಎಷ್ಟಿತ್ತು ಅಂತ ಗೊತ್ತಾಗುತ್ತದೆ. ಹಿಂಜ್ ಪಕ್ಕದಲ್ಲೇ ಸ್ಕ್ರೀನ್ ಕೇಬಲ್ ಮತ್ತು ವೈಫೈ ಆಂಟೆನಾದ ತೆಳು ತಂತಿಗಳು ಹಾದುಹೋಗುತ್ತವೆ. ಅವು ಹೇಗೆ ಸುತ್ತಿಕೊಂಡು ಹೋಗಿವೆ ಅಂತ ಫೋಟೋ ತೆಗೆದುಕೊಳ್ಳಿ. ಮುಚ್ಚಳ ಆಡಿಸುವಾಗ ಸ್ಕ್ರೀನ್ ಮಿನುಗುತ್ತಿದ್ದರೆ ಕಿತ್ತ ಪಟ್ಟಿ ಈ ಕೇಬಲನ್ನು ಒತ್ತುತ್ತಿತ್ತು ಅಂತಲೇ ತಿಳಿಯಿರಿ, ಅದರ ಮೈ ಕತ್ತರಿಸಿದೆಯಾ ಅಂತ ಬೆಳಕಿನಲ್ಲಿ ನೋಡಿ.

ಈಗ ಬಿಗಿ ಇಳಿಸುವ ಕೆಲಸ

ಮೊದಲ ಸಲ ನಾನು ಬಿಟ್ಟದ್ದು ಇದನ್ನೇ. ಈ ಹಂತ ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ.

ಹಿಂಜ್ ಎಷ್ಟು ಬಿಗಿ ಇರಬೇಕು ಅಂತ ಹೇಗೆ ತಿಳಿಯುವುದು? ಬಿಚ್ಚಿದ ಹಿಂಜನ್ನು ಬೆರಳಲ್ಲಿ ತಿರುಗಿಸಿ ನೋಡಿದರೆ ಸರಿಯಿರುವ ಹಿಂಜ್ ಕೂಡ ಬಿಗಿ ಅನ್ನಿಸುತ್ತದೆ, ಯಾಕೆಂದರೆ ಪಟ್ಟಿ ಚಿಕ್ಕದು, ಹಿಡಿತ ಸಿಗುವುದಿಲ್ಲ. ಹಾಗಾಗಿ ಎಡ ಬಲ ಎರಡನ್ನೂ ಹೋಲಿಸಿ ನೋಡುವುದೇ ಸರಿಯಾದ ದಾರಿ. ನಮ್ಮದರಲ್ಲಿ ಬಲಗಡೆಯದು ಹೆಬ್ಬೆರಳಿನಿಂದ ಜೋರಾಗಿ ಒತ್ತಿದರೆ ಒಂದೇ ಸಮ ತಿರುಗಿತು. ಎಡಗಡೆಯದು ಮಿಸುಕಲೇ ಇಲ್ಲ. ಇಕ್ಕಳದಲ್ಲಿ ಹಿಡಿದು ತಿರುಗಿಸಿದರೆ ಸ್ವಲ್ಪ ತಡೆದು, ಕಟಕ್ ಅಂತ ಜಾರಿ, ಮತ್ತೆ ತಡೆಯಿತು. ಕಡ್ಡಿಯ ಸುತ್ತ ಕಂದು ಬಣ್ಣದ ಪುಡಿ ಇತ್ತು. ಹೀಗೆ ತಡೆದು ತಡೆದು ಜಾರುವುದೇ ಪ್ಲಾಸ್ಟಿಕ್‌ಗೆ ಪ್ರತಿ ಸಲ ಏಟು ಕೊಡುವುದು.

ಹಿಂಜನ್ನು ಎರಡೂ ಕಡೆಯಿಂದ ಪೂರ್ತಿ ಬಿಚ್ಚಿ ಹೊರಗೆ ತನ್ನಿ. ಎಣ್ಣೆ ಕೆಲಸ ಲ್ಯಾಪ್‌ಟಾಪ್ ಒಳಗೆ ಬೇಡ. ಸ್ಕ್ರೀನ್ ಕಡೆಯ ಸ್ಕ್ರೂ ತೆಗೆಯಲು ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟನ್ನು ಬಿಡಿಸಬೇಕಾಗುತ್ತದೆ. ಅದನ್ನು ಉಗುರಿನಿಂದಲೇ, ಒಳಗಂಚಿನಿಂದ ಹೊರಕ್ಕೆ ಎಬ್ಬಿಸಿ, ಕೆಳಗಂಚಿನಲ್ಲಿ ಪ್ಯಾನೆಲ್ ಮೇಲೆ ಬೆರಳು ಊರಬೇಡಿ. ಪ್ಯಾನೆಲ್‌ನ ಬಲು ಸೂಕ್ಷ್ಮ ಭಾಗ ಅದೇ.

ಹೊರಗೆ ತಂದ ಮೇಲೆ ಕಡ್ಡಿಗೆ ಒಂದೇ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಇಕ್ಕಳದಲ್ಲಿ ಹಿಡಿದು ಹದಿನೈದು ಇಪ್ಪತ್ತು ಸಲ ಆಚೆ ಈಚೆ ತಿರುಗಿಸಿ. ಕಂದು ಕೊಳೆ ಹೊರಗೆ ಬರುತ್ತದೆ, ಒರೆಸಿ. ನಮ್ಮದರಲ್ಲಿ ಇಷ್ಟಕ್ಕೇ ಕಟಕ್ ಅನ್ನುವುದು ನಿಂತಿತು, ಆದರೆ ಬಿಗಿ ಇನ್ನೂ ಬಲಗಡೆಗಿಂತ ಜಾಸ್ತಿ ಇತ್ತು. ಆಮೇಲೆ ಕಡ್ಡಿಯ ತುದಿಯ ನಟ್ಟನ್ನು ಕಾಲು ಸುತ್ತು ಸಡಿಲಿಸಿ ನೋಡಿದೆ. ಮತ್ತೆ ಕಾಲು ಸುತ್ತು. ಒಟ್ಟು ಅರ್ಧ ಸುತ್ತಿಗೆ ಎರಡೂ ಕಡೆ ಸಮ ಬಂತು. ಒಂದೇ ಸಲ ಒಂದು ಸುತ್ತು ಬಿಡಬೇಡಿ. ಜಾಸ್ತಿ ಸಡಿಲಾದರೆ ಸ್ಕ್ರೀನ್ ನಿಲ್ಲುವುದಿಲ್ಲ. ಒಂದು ಕಡೆ ಸಡಿಲ, ಒಂದು ಕಡೆ ಬಿಗಿ ಉಳಿದರೆ ಮುಚ್ಚಳ ತಿರುಚಿಕೊಂಡು ಬಿಗಿಯಾದ ಕಡೆಯ ಗೂಟ ಮುರಿಯುತ್ತದೆ. ಸಮ ಇರುವುದೇ ಮುಖ್ಯ.

ಕೆಲವು ಹಿಂಜ್‌ಗಳಲ್ಲಿ ನಟ್ ಇರುವುದಿಲ್ಲ. ಕಡ್ಡಿಯನ್ನು ಉಕ್ಕಿನ ತಗಡು ಸುರುಳಿಯಾಗಿ ಅಪ್ಪಿ ಹಿಡಿದಿರುತ್ತದೆ. ಅದರ ಬಿಗಿಯನ್ನು ಮನೆಯಲ್ಲಿ ಹದ ಮಾಡಲು ಆಗುವುದಿಲ್ಲ. ಎಣ್ಣೆ ಹಾಕಿದ ಮೇಲೂ ಬಿಗಿಯಿದ್ದರೆ ಹೊಸ ಜೋಡಿ ತನ್ನಿ, ಎಡ ಬಲ ಎರಡೂ ಒಟ್ಟಿಗೆ.

ಕೊನೆಗೆ ಹಿಂಜ್ ಮೇಲಿನ ಎಣ್ಣೆಯನ್ನೆಲ್ಲ ಚೆನ್ನಾಗಿ ಒರೆಸಿ. ಪಟ್ಟಿಯ ಮೇಲೆ ಎಣ್ಣೆ ಉಳಿದು ಗೂಟದ ಜಾಗಕ್ಕೆ ತಾಗಿದರೆ ಅಂಟು ಹಿಡಿಯುವುದಿಲ್ಲ.

ಯಾವ ಅಂಟು, ಹೇಗೆ

ಬಿಸಿ ಅಂಟಿನ ಗನ್ ಬೇಡವೇ ಬೇಡ, ಹಿಂಜ್ ಪಕ್ಕದಲ್ಲೇ ಬಿಸಿ ಗಾಳಿ ಹೊರಹೋಗುವ ದಾರಿ ಇರುವುದರಿಂದ ಅದು ಮೆತ್ತಗಾಗುತ್ತದೆ. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಕೂಡ ಇಲ್ಲಿ ಸರಿಯಲ್ಲ. ಅದು ಗಟ್ಟಿಯಾಗುತ್ತದೆ ನಿಜ, ಆದರೆ ಗಾಜಿನಂತೆ ಪೆಡಸು. ಮತ್ತೆ ಮತ್ತೆ ಎಳೆತ ಬಿದ್ದರೆ ಸೀಳುತ್ತದೆ. ತೆಳ್ಳಗೆ ಹರಿದು ಕನೆಕ್ಟರ್ ಒಳಗೆ, ಬಟನ್ ಒಳಗೆ ಹೋಗುವ ಭಯವೂ ಇದೆ. ನಾನು ಮೊದಲ ಸಲ ಹಾಕಿದ್ದು ಇದನ್ನೇ, ಅಡುಗೆ ಸೋಡಾ ಉದುರಿಸಿ. ಎರಡು ನಿಮಿಷದಲ್ಲಿ ಕಲ್ಲಾಯಿತು, ಹತ್ತು ದಿನದಲ್ಲಿ ಕಲ್ಲಿನಂತೆಯೇ ಒಡೆಯಿತು.

ಬೇಕಾದದ್ದು ಎರಡು ಟ್ಯೂಬ್ ಬೆರೆಸುವ ಎಪಾಕ್ಸಿ. ಅದರಲ್ಲೂ ಐದು ನಿಮಿಷದ್ದಲ್ಲ, ಪೂರ್ತಿ ಗಟ್ಟಿಯಾಗಲು 24 ಗಂಟೆ ತೆಗೆದುಕೊಳ್ಳುವಂಥದ್ದು. ನಿಧಾನವಾಗಿ ಹಿಡಿಯುವುದು ಸಾಮಾನ್ಯವಾಗಿ ಜಾಸ್ತಿ ಗಟ್ಟಿ, ಜೋಡಿಸಿ ಸರಿಪಡಿಸಲು ಸಮಯವೂ ಸಿಗುತ್ತದೆ.

ಹಳೇ ಅಂಟನ್ನೆಲ್ಲ ಕೆರೆದು ತೆಗೆದೆ, ಅರ್ಧ ಗಂಟೆ ಹಿಡಿಯಿತು. ಆಮೇಲೆ ಗೂಟ ಇದ್ದ ಜಾಗವನ್ನು ಒರಟು ಮರಳು ಕಾಗದದಿಂದ ಉಜ್ಜಿ, ಚಾಕುವಿನ ತುದಿಯಿಂದ ಅಡ್ಡ ಉದ್ದ ಗೀರು ಹಾಕಿದೆ. ಗೀರುಗಳಲ್ಲಿ ಎಪಾಕ್ಸಿ ಇಳಿದು ಬೇರು ಬಿಟ್ಟಂತೆ ಹಿಡಿಯುತ್ತದೆ. ತೂತು ಕೊರೆಯಲು ಹೋಗಬೇಡಿ, ಪ್ಲಾಸ್ಟಿಕ್ ತೆಳು, ಇನ್ನೊಂದು ಬದಿಗೆ ಬಂದುಬಿಡುತ್ತದೆ. ಹಿತ್ತಾಳೆಯ ಹೊರಮೈಗೆ ಅಂಟಿದ್ದ ಪ್ಲಾಸ್ಟಿಕ್ ಚೂರುಗಳನ್ನೂ ಬಿಡಿಸಿದೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಎಲ್ಲ ಒರೆಸಿ ಒಣಗಲು ಬಿಟ್ಟೆ.

ಈಗ ಆ ಉಳಿದ ಒಂದು ಗೂಟದ ಮಾತು. ಹಿತ್ತಾಳೆ ನಟ್ಟುಗಳನ್ನು ಅಂದಾಜಿನಲ್ಲಿ ಕೂರಿಸಿದರೆ ಆಮೇಲೆ ಸ್ಕ್ರೂ ತೂತಿಗೆ ಸರಿಹೊಂದುವುದಿಲ್ಲ. ಅದಕ್ಕೆ ಹಿಂಜ್ ಪಟ್ಟಿಯನ್ನೇ ಅಚ್ಚಾಗಿ ಬಳಸಬೇಕು. ಎರಡು ಹಿತ್ತಾಳೆ ನಟ್ಟುಗಳನ್ನು ಅವುಗಳ ಸ್ಕ್ರೂನಿಂದಲೇ ಪಟ್ಟಿಗೆ ಬಿಗಿದೆ. ಸ್ಕ್ರೂ ಎಳೆಗಳಿಗೆ ಮಾತ್ರ ಸ್ವಲ್ಪವೇ ವ್ಯಾಸಲೀನ್ ಸವರಿದೆ, ಎಪಾಕ್ಸಿ ಒಳಗೆ ಹೋದರೂ ಸ್ಕ್ರೂ ಬಿಟ್ಟುಕೊಳ್ಳಲಿ ಅಂತ. ಪಟ್ಟಿಯ ಅಡಿಗೆ ತೆಳು ಪ್ಲಾಸ್ಟಿಕ್ ಹಾಳೆಯ ತುಂಡು ಇಟ್ಟೆ, ನಟ್ಟುಗಳ ಜಾಗದಲ್ಲಿ ಮಾತ್ರ ತೂತು ಮಾಡಿ. ಆಮೇಲೆ ಎಪಾಕ್ಸಿಯ ಎರಡೂ ಭಾಗ ಸಮ ಪ್ರಮಾಣದಲ್ಲಿ ತೆಗೆದು ಪೂರ್ತಿ ಎರಡು ನಿಮಿಷ ಕಲಸಿ, ಗೂಟದ ಜಾಗಕ್ಕೂ ಹಿತ್ತಾಳೆಯ ಸುತ್ತಲೂ ಕಡ್ಡಿಯಿಂದ ಹಚ್ಚಿ, ಪಟ್ಟಿಯನ್ನು ಇಳಿಸಿ, ಗಟ್ಟಿ ಇದ್ದ ಮೂರನೇ ಗೂಟಕ್ಕೆ ಸ್ಕ್ರೂ ಹಾಕಿದೆ. ಆ ಒಂದು ಸ್ಕ್ರೂ ಇಡೀ ಪಟ್ಟಿಯನ್ನು ತನ್ನ ಹಳೇ ಜಾಗದಲ್ಲಿ, ಹಳೇ ಎತ್ತರದಲ್ಲಿ ಹಿಡಿದುಕೊಂಡಿತು. ಮೂರೂ ಗೂಟ ಹೋಗಿದ್ದರೆ ಈ ಅಳತೆ ಸಿಗುವುದೇ ಇಲ್ಲ. ಆಗ ನಾನು ಅಂಟಿನ ಕೆಲಸಕ್ಕೆ ಹೋಗುವುದಿಲ್ಲ, ಆ ತಟ್ಟೆಯನ್ನೇ ಬದಲಿಸಲು ಹೇಳುತ್ತೇನೆ.

ಎಪಾಕ್ಸಿ ಹಳೇ ಗೂಟದ ಎತ್ತರ ಮೀರಬಾರದು. ಮೀರಿದರೆ ತಳದ ಕವರ್ ಕೂರುವುದಿಲ್ಲ, ಒತ್ತಿ ಕೂರಿಸಿದರೆ ಹೊಸ ಗೂಟವೇ ಎದ್ದುಬರುತ್ತದೆ. ಹಸಿ ಇರುವಾಗಲೇ ಹೆಚ್ಚಾದದ್ದನ್ನು ಕಡ್ಡಿಯಿಂದ ತೆಗೆಯಿರಿ. ಪಕ್ಕದ ಬೋರ್ಡ್, ಫ್ಯಾನ್, ಚಾರ್ಜಿಂಗ್ ಸಾಕೆಟ್ ಇವಕ್ಕೆಲ್ಲ ಮೊದಲೇ ಟೇಪ್ ಮುಚ್ಚಿರಿ, ಬಿಚ್ಚಲು ಬರುವುದನ್ನು ಬಿಚ್ಚಿ ಪಕ್ಕಕ್ಕಿಡಿ. ಕಿಟಕಿ ತೆರೆದ ಕೋಣೆಯಲ್ಲಿ ಮಾಡಿ, ಕೈಗವಸು ಹಾಕಿ, ಎಪಾಕ್ಸಿ ಚರ್ಮಕ್ಕೆ ಒಳ್ಳೆಯದಲ್ಲ.

ಆಮೇಲೆ 24 ಗಂಟೆ ಮುಟ್ಟಬೇಡಿ. ಚಳಿ ಇದ್ದರೆ ಇನ್ನೂ ಅರ್ಧ ದಿನ ಬಿಡಿ. ನಾಲ್ಕು ಗಂಟೆಗೆ ಬೆರಳಿಗೆ ಗಟ್ಟಿ ಅನ್ನಿಸಬಹುದು, ಅದು ಮೇಲ್ಮೈ ಮಾತ್ರ.

ಜೋಡಿಸಿ ನೋಡುವಾಗ

ಮರುದಿನ ಸ್ಕ್ರೂಗಳನ್ನು ಬಿಚ್ಚಿದೆ, ಎರಡೂ ಸಲೀಸಾಗಿ ಬಂದವು. ಪಟ್ಟಿ ತೆಗೆದು ಪ್ಲಾಸ್ಟಿಕ್ ಹಾಳೆಯನ್ನು ಎಳೆದು ಹಾಕಿ, ಮತ್ತೆ ಪಟ್ಟಿ ಇಟ್ಟು ಬಿಗಿ ಮಾಡಿದೆ. ಬಿಗಿ ಅಂದರೆ ಸ್ಕ್ರೂ ನಿಂತಲ್ಲಿಂದ ಸ್ವಲ್ಪವೇ, ಮೈಬಲ ಹಾಕಿ ಅಲ್ಲ. ಸ್ಕ್ರೂ ಸಡಿಲಾಗದಿರಲಿ ಅಂತ ಎಳೆಗೆ ಹಾಕುವ ದ್ರವದ ಲಾಕ್ ಸಿಗುತ್ತದೆ, ಅದನ್ನು ಇಲ್ಲಿ ಬಳಸಬೇಡಿ. ಅದು ಪ್ಲಾಸ್ಟಿಕ್‌ಗೆ ತಾಗಿದರೆ ಹಲವು ಬಗೆಯ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ, ಇದು ಬಹಳ ಜನರಿಗೆ ಗೊತ್ತಿಲ್ಲ.

ತಳದ ಕವರ್ ಹಾಕುವ ಮೊದಲೇ, ಬುಡವನ್ನು ಹಿಡಿದು ಮುಚ್ಚಳವನ್ನು ನಿಧಾನವಾಗಿ ಪೂರ್ತಿ ತೆರೆದು ಮುಚ್ಚಿ, ಹೊಸ ಗೂಟಗಳನ್ನೇ ನೋಡಿ. ಕೂದಲೆಳೆಯಷ್ಟೂ ಏಳಬಾರದು. ಕೇಬಲ್‌ಗಳು ಫೋಟೋದಲ್ಲಿ ಇದ್ದ ಹಾಗೇ ತಮ್ಮ ಕಾಲುವೆಯಲ್ಲಿ ಕೂತಿವೆಯಾ ನೋಡಿ. ಸರಿ ಅನ್ನಿಸಿದರೆ ಬ್ಯಾಟರಿ ಕನೆಕ್ಟರ್ ಹಾಕಿ, ಕವರ್ ಮುಚ್ಚಿ, ಆನ್ ಮಾಡಿ ಬೇರೆ ಬೇರೆ ಕೋನದಲ್ಲಿ ಸ್ಕ್ರೀನ್ ಮಿನುಗುತ್ತದಾ ಅಂತ ಪರೀಕ್ಷಿಸಿ. ವೈಫೈ ಸಿಗ್ನಲ್ ಮೊದಲಿಗಿಂತ ಕಡಿಮೆಯಾಗಿದ್ದರೆ ಆಂಟೆನಾ ತಂತಿ ಎಲ್ಲೋ ಸಿಕ್ಕಿಕೊಂಡಿದೆ.

ತಂಗಿಯ ಲ್ಯಾಪ್‌ಟಾಪ್ ಈ ಎರಡನೇ ರಿಪೇರಿಯ ಮೇಲೆ 14 ತಿಂಗಳಿಂದ ನಡೆಯುತ್ತಿದೆ. ಈಗ ಅವಳು ಮೇಲಂಚಿನ ನಡುವೆ ಹಿಡಿದೇ ತೆರೆಯುತ್ತಾಳೆ.

ಅಂಟು ಸಾಲದಾದಾಗ

ಎರಡನೇ ಸಲವೂ ಕಿತ್ತುಬಂದರೆ ಮೂರನೇ ಸಲ ಅಂಟು ಹಾಕಬೇಡಿ. ಆಗ ಉಳಿಯುವುದು ಎರಡು ದಾರಿ. ಒಂದು, ಹಿಂಜ್ ಸ್ಕ್ರೂ ಕೂರುವ ಆ ತಟ್ಟೆಯನ್ನೇ ಹೊಸದಾಗಿ ತರುವುದು. ಅದರ ನಂಬರ್ ತಟ್ಟೆಯ ಒಳಬದಿಯ ಸ್ಟಿಕ್ಕರ್ ಮೇಲೆ ಇರುತ್ತದೆ, ಮಾದರಿಯ ಹೆಸರಿಗಿಂತ ಆ ನಂಬರ್ ನಂಬಿ. ಇದಕ್ಕೆ ಮದರ್‌ಬೋರ್ಡ್ ಸಮೇತ ಎಲ್ಲವನ್ನೂ ಹಳೇ ತಟ್ಟೆಯಿಂದ ಹೊಸದಕ್ಕೆ ಸಾಗಿಸಬೇಕು. ಅಭ್ಯಾಸ ಇಲ್ಲದವರು ರಿಪೇರಿಯವರಿಗೆ ಕೊಡುವುದೇ ಸರಿ. ಅವರಿಗೂ ಎರಡೂ ಹಿಂಜ್‌ಗಳ ಬಿಗಿ ಸಮ ಮಾಡಿ ಕೊಡಿ ಅಂತ ಬಾಯಿಬಿಟ್ಟು ಹೇಳಿ, ಹೊಸ ತಟ್ಟೆಯನ್ನೂ ಹಳೇ ಬಿಗಿ ಹಿಂಜ್ ಮುರಿದುಹಾಕುತ್ತದೆ.

ಇನ್ನೊಂದು, ತಳದವರೆಗೆ ತೂತು ಕೊರೆದು ಚಪ್ಪಟೆ ತಲೆಯ ಬೋಲ್ಟ್ ಹಾಕಿ ನಟ್‌ನಿಂದ ಬಿಗಿಯುವುದು. ಹೊರಗೆ ಬೋಲ್ಟ್ ತಲೆ ಕಾಣುತ್ತದೆ, ಚೆಂದ ಇರುವುದಿಲ್ಲ, ಆದರೆ ಎಲ್ಲ ಅಂಟಿಗಿಂತ ಗಟ್ಟಿ. ಕೊರೆಯುವ ಗೆರೆಯಲ್ಲಿ ಬೋರ್ಡ್, ಬ್ಯಾಟರಿ, ಕೇಬಲ್ ಯಾವುದೂ ಇಲ್ಲ ಅಂತ ಕಣ್ಣಾರೆ ನೋಡಿದ ಮೇಲೆ, ಎಲ್ಲವನ್ನೂ ಬಿಚ್ಚಿ ಬರೀ ಪ್ಲಾಸ್ಟಿಕ್ ಉಳಿದ ಮೇಲೆ ಮಾತ್ರ ಕೊರೆಯಿರಿ. ಕೊರೆದ ಪುಡಿ ಒಂದು ಚೂರೂ ಒಳಗೆ ಉಳಿಯಬಾರದು.

ಇದ್ಯಾವುದೂ ಇವತ್ತೇ ಆಗುವುದಿಲ್ಲ, ಆದರೆ ಕೆಲಸ ನಿಲ್ಲುವಂತಿಲ್ಲ ಅಂದರೆ, ಒಳಗೆ ಏನೂ ಉರುಳುತ್ತಿಲ್ಲ ಅಂತ ಖಚಿತ ಮಾಡಿಕೊಂಡು ಮುಚ್ಚಳವನ್ನು ಒಮ್ಮೆ ಬಳಸುವ ಕೋನಕ್ಕೆ ನಿಧಾನವಾಗಿ ತೆರೆದು ಹಾಗೇ ಬಿಟ್ಟುಬಿಡಿ. ರಾತ್ರಿ ಮುಚ್ಚಬೇಡಿ, ಮೇಲೆ ಬಟ್ಟೆ ಹೊದಿಸಿ. ಸ್ಕ್ರೀನ್ ಹಿಂದೆ ಆಸರೆಗೆ ಏನಾದರೂ ಒರಗಿಸಿಡಿ. ಹರಿದ ಗೂಟ ಪ್ರತಿ ಸಲ ತೆರೆದು ಮುಚ್ಚಿದಾಗಲೂ ಇನ್ನಷ್ಟು ಹರಿಯುತ್ತದೆ, ಮತ್ತೆ ಆ ಕೊನೆಯ ಗಟ್ಟಿ ಗೂಟ ಉಳಿದಿರುವ ತನಕ ಮಾತ್ರ ರಿಪೇರಿ ಸುಲಭ.